ಉದ್ದಬಿಲ್ಲು, ಕೊಂಬಿನ ಬಿಲ್ಲು ಮತ್ತು ರಣರಂಗ: ಬಿಲ್ಲು ಕಟ್ಟುವವರಿಗೆ ಕೇಳಿದ ಪ್ರಶ್ನೆ

ಪ್ರಶ್ನೆ (ದಾವಣಗೆರೆಯ ಸದಸ್ಯರು): ಇಂಗ್ಲಿಷರನ್ನು ಉದ್ದಬಿಲ್ಲು ಗೆಲ್ಲಿಸಿತು, ಹುಲ್ಲುಗಾವಲಿನ ಕುದುರೆ ಸವಾರರನ್ನು ಅವರ ಗಿಡ್ಡ ಬಿಲ್ಲು ಗೆಲ್ಲಿಸಿತು ಅಂತ ಎಲ್ಲ ಕಡೆ ಓದ್ತೀನಿ. ಒಂದು ಬಿಲ್ಲಿನಿಂದ ಯುದ್ಧ ಮಾಡೋ ರೀತಿಯೇ ಬದಲಾಯ್ತಾ? ಎರಡನ್ನೂ ಎದುರುಬದುರು ನಿಲ್ಲಿಸಿದ್ರೆ ಯಾವುದು ಮೇಲು?

ಉತ್ತರ (ಬಿಲ್ಲು ಕಟ್ಟುವವರು, ಮೈಸೂರು): ಇಪ್ಪತ್ತು ವರ್ಷದಿಂದ ಎರಡೂ ಬಗೆಯ ಬಿಲ್ಲು ಕಟ್ಟುತ್ತಿದ್ದೇನೆ. ನನ್ನ ಅನುಭವದಲ್ಲಿ ಉದ್ದಬಿಲ್ಲಿಗೆ ತಕ್ಕ ನೆಲ ಬೇಕು, ನೀವು ಹೇಳಿದ ಗಿಡ್ಡ ಬಿಲ್ಲಿಗೆ, ಅಂದರೆ ಕೊಂಬಿನ ಬಿಲ್ಲಿಗೆ, ಬಯಲು ಬೇಕು. ಅದು ಸಿಕ್ಕಾಗ ಗೆದ್ದಿವೆ, ತಪ್ಪಿದಾಗ ಸೋತಿವೆ.

ಮೊದಲು ಉದ್ದಬಿಲ್ಲು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಮೇರಿ ರೋಸ್ ಹಡಗಿನಲ್ಲಿ ನೂರಕ್ಕೂ ಹೆಚ್ಚು ಇಡಿಯಾದ ಬಿಲ್ಲುಗಳು ಸಿಕ್ಕವು. ಯೂ ಎಂಬ ಮರದ ಒಂದೇ ತುಂಡಿನವು, ಹೆಚ್ಚು ಕಡಿಮೆ ಆಳೆತ್ತರ ಅಥವಾ ಅದಕ್ಕಿಂತ ಉದ್ದ. ಅವುಗಳ ಹೆದೆಯನ್ನು ಪೂರ್ತಿ ಸೆಳೆಯಲು ಸುಮಾರು 45 ಕಿಲೋದಿಂದ 80 ಕಿಲೋವರೆಗೆ ಬಲ ಬೇಕಿತ್ತು ಅಂತ ಲೆಕ್ಕ ಹಾಕಿದ್ದಾರೆ. ಅಕ್ಕಿ ಮೂಟೆಯೊಂದನ್ನು ಮೂರು ಬೆರಳಲ್ಲಿ ಕೆನ್ನೆಯ ತನಕ ಎಳೆದು ತಂದಂತೆ ಅಂದುಕೊಳ್ಳಿ. ಇಷ್ಟು ಬಲ ಹುಡುಗನಾಗಿದ್ದಾಗಿನಿಂದ ಎಳೆದರೆ ಮಾತ್ರ ಬರುತ್ತದೆ. ಅದಕ್ಕೇ 1363ರಲ್ಲಿ ಇಂಗ್ಲೆಂಡಿನ ರಾಜ ಮೂರನೇ ಎಡ್ವರ್ಡ್ ಹಬ್ಬದ ದಿನಗಳಲ್ಲಿ ಬೇರೆ ಆಟ ಬಿಟ್ಟು ಬಿಲ್ಲು ಹಿಡಿಯಿರಿ ಅಂತ ಆಜ್ಞೆ ಹೊರಡಿಸಿದ. ಇನ್ನೊಂದು ಕಡೆ ದುಡ್ಡಿನ ಲೆಕ್ಕವೂ ಇತ್ತು. 1415ರಲ್ಲಿ ಬಿಲ್ಲುಗಾರನಿಗೆ ದಿನಕ್ಕೆ 6 ಪೆನ್ಸ್, ಪೂರ್ತಿ ಕವಚದ ಯೋಧನಿಗೆ 12. ಒಬ್ಬ ಯೋಧನ ಸಂಬಳದಲ್ಲಿ ಇಬ್ಬರು ಬಿಲ್ಲುಗಾರರು ಬರುತ್ತಿದ್ದರು. ಹೀಗಾಗಿ ಆಗಿನ ರಾಜ ಐದನೇ ಹೆನ್ರಿ ಫ್ರೆಂಚರ ಮೇಲೆ ಕೊಂಡೊಯ್ದ ಸೈನ್ಯದಲ್ಲಿ ಬಹುಪಾಲು ಬಿಲ್ಲುಗಾರರೇ ಇದ್ದರು.

ಅದೇ ವರ್ಷ ಅಕ್ಟೋಬರ್ 25ರಂದು ಆಜಿನ್‌ಕೋರ್ ಯುದ್ಧ ನಡೆಯಿತು. ಎರಡು ಕಡೆ ಕಾಡು, ನಡುವೆ ಹೊಸದಾಗಿ ಉತ್ತ ಹೊಲ, ರಾತ್ರಿಯೆಲ್ಲ ಸುರಿದ ಮಳೆ. ಪ್ರತಿ ಬಿಲ್ಲುಗಾರನೂ ಎರಡೂ ತುದಿ ಚೂಪಾಗಿ ಕೆತ್ತಿದ ಆಳುದ್ದದ ಗೂಟವೊಂದನ್ನು ಹೊತ್ತು ತಂದಿದ್ದ. ಬೆಳಿಗ್ಗೆ ಬಹಳ ಹೊತ್ತು ಯಾರೂ ಕದಲಲಿಲ್ಲ. ಆಮೇಲೆ ಹೆನ್ರಿ ಮುಂದೆ ನಡೆಯಲು ಹೇಳಿದ. ಬಿಲ್ಲುಗಾರರು ಗೂಟ ಕಿತ್ತು, ಬಾಣ ತಲುಪುವಷ್ಟು ಹತ್ತಿರ ಹೋಗಿ, ಕುದುರೆಯ ಎದೆಮಟ್ಟಕ್ಕೆ ಓರೆಯಾಗಿ ಮತ್ತೆ ನೆಟ್ಟರು. ಫ್ರೆಂಚರಿಗೆ ಒಳ್ಳೆಯ ಅವಕಾಶ ಇದ್ದದ್ದು ಆ ಹೊತ್ತಿನಲ್ಲೇ, ಅವರು ಅದನ್ನು ಬಿಟ್ಟುಕೊಟ್ಟರು. ಆಮೇಲೆ ಅವರ ಕುದುರೆಗಳು ನುಗ್ಗಿದವು. ಗೂಟದ ಎದುರು ನಿಂತು, ಬಾಣ ನಾಟಿಸಿಕೊಂಡು ಹುಚ್ಚೆದ್ದು ತಿರುಗಿ, ಹಿಂದಿನಿಂದ ನಡೆದು ಬರುತ್ತಿದ್ದ ತಮ್ಮವರನ್ನೇ ತುಳಿದವು. ಕಾಲ್ನಡಿಗೆಯಲ್ಲಿದ್ದ ಕವಚಧಾರಿಗಳು ಕೆಸರಲ್ಲಿ ಹೂತುಹೋಗುತ್ತಾ, ಎರಡೂ ಪಕ್ಕದ ಬಾಣದಿಂದ ಮುಖ ತಗ್ಗಿಸಿಕೊಂಡು, ನಡುವಿಗೆ ನಡುವಿಗೆ ಒತ್ತರಿಸುತ್ತಾ ಬಂದರು. ಕೊನೆಗೆ ಕೈಯೆತ್ತಿ ಕತ್ತಿ ಬೀಸಲೂ ಜಾಗವಿರಲಿಲ್ಲ. ಬಾಣ ಮುಗಿದ ಮೇಲೆ ಬಿಲ್ಲುಗಾರರು ಬಿಲ್ಲು ಬಿಸಾಕಿ, ಕೊಡತಿ, ಬಾಕು ಹಿಡಿದು ಅವರ ಮೇಲೆ ಬಿದ್ದರು.

ಈ ತಂತ್ರ ಎಲ್ಲಿ ಮುರಿಯುತ್ತದೆ ಅನ್ನುವುದಕ್ಕೆ 1429ರ ಜೂನ್ 18ರ ಪಾಟೆ ಯುದ್ಧ ನೋಡಿ. ಅದೇ ಬಿಲ್ಲು, ಅದೇ ಇಂಗ್ಲಿಷರು. ಕಾಡಿನಿಂದ ಎದ್ದ ಒಂದು ಜಿಂಕೆಯನ್ನು ಕಂಡು ಇಂಗ್ಲಿಷರು ಕೂಗಿದ್ದರಿಂದ ಅವರು ಎಲ್ಲಿದ್ದಾರೆ ಅನ್ನುವುದು ಫ್ರೆಂಚರಿಗೆ ಗೊತ್ತಾಯಿತು ಅಂತ ಆ ಕಾಲದ ವೃತ್ತಾಂತ ಹೇಳುತ್ತದೆ. ಗೂಟ ನೆಟ್ಟು ಮುಗಿಯುವ ಮೊದಲೇ ಫ್ರೆಂಚ್ ಕುದುರೆಗಳು ಮೇಲೆ ಬಂದವು. ಸೈನ್ಯ ನುಚ್ಚುನೂರಾಯಿತು, ಸೇನಾಪತಿ ಟಾಲ್ಬಟ್ ಸೆರೆಸಿಕ್ಕ.

ಹುಬ್ಬಳ್ಳಿಯ ಸದಸ್ಯರು: ನಿಮಿಷಕ್ಕೆ 12 ಬಾಣ ಬಿಡ್ತಿದ್ರು, ಒಂದೊಂದೂ ಉಕ್ಕಿನ ಕವಚ ಸೀಳಿ ಹೋಗ್ತಿತ್ತು. ಅಷ್ಟಿದ್ದಮೇಲೆ ಕೆಸರು, ಗೂಟ ಎಲ್ಲ ಯಾಕೆ ಬೇಕು?

ಉತ್ತರ: ವೇಗದ ಮಾತು ಅರ್ಧ ಸರಿ. ನುರಿತವನು ಸ್ವಲ್ಪ ಹೊತ್ತು ಆ ವೇಗದಲ್ಲಿ ಬಿಡಬಲ್ಲ. ಆದರೆ ಒಂದು ಕಟ್ಟಿನಲ್ಲಿ ಇರುತ್ತಿದ್ದದ್ದು 24 ಬಾಣ. ನಿಮಿಷಕ್ಕೆ 12ರಂತೆ ಬಿಟ್ಟರೆ ಎರಡೇ ನಿಮಿಷಕ್ಕೆ ಕಟ್ಟು ಖಾಲಿ. ಅಷ್ಟು ಬಿಗಿಯಾದ ಬಿಲ್ಲನ್ನು ನಾನು ಹತ್ತು ಸಲ ಎಳೆದರೆ ಹನ್ನೊಂದನೆಯದಕ್ಕೆ ಭುಜ ನಡುಗುತ್ತದೆ. ಇನ್ನು ಕವಚದ ಮಾತು. ಆ ಹೊತ್ತಿಗೆ ಎದೆಯ ತಗಡು ಚೆನ್ನಾಗಿತ್ತು, ಒಳ್ಳೆಯ ಉಕ್ಕಿಗೆ ಓರೆಯಾಗಿ ಬಿದ್ದ ಬಾಣ ಜಾರಿ ಹೋಗುತ್ತದೆ. ಆದರೆ ಕುದುರೆಯ ಪಕ್ಕೆಗೆ, ಕೈಕಾಲಿನ ಸಂದುಗಳಿಗೆ, ಶಿರಸ್ತ್ರಾಣದ ಕಣ್ಣಿನ ಸೀಳಿಗೆ ಆ ರಕ್ಷಣೆ ಇರಲಿಲ್ಲ. ಬಾಣದ ಮಳೆ ಎಲ್ಲರನ್ನೂ ಕೊಲ್ಲಬೇಕಾಗಿರಲಿಲ್ಲ. ತಲೆ ತಗ್ಗಿಸಿ, ಉಸಿರುಗಟ್ಟಿ, ಗುಂಪಾಗಿ ಬರುವಂತೆ ಮಾಡಿದರೆ ಉಳಿದದ್ದನ್ನು ಕೆಸರು ಮಾಡುತ್ತಿತ್ತು.

ತುಮಕೂರಿನ ಸದಸ್ಯರು: ನನ್ನ ಮಗಳು ಜಿಲ್ಲಾ ಸ್ಪರ್ಧೆಗೆ ಕಾಂಪೌಂಡ್ ಬಿಲ್ಲು ಬಳಸ್ತಾಳೆ. ಮಂಗೋಲರದ್ದೂ ಅದೇ ತಾನೆ? ತುದಿಯಲ್ಲಿ ಗಾಲಿ ಇರುತ್ತಲ್ಲ, ಅದು.

ಉತ್ತರ: ಅಲ್ಲ ಸರ್, ಹೆಸರು ಹತ್ತಿರ ಇದೆ, ವಸ್ತು ಬೇರೆ. ಗಾಲಿಯ ಬಿಲ್ಲು ಇಪ್ಪತ್ತನೇ ಶತಮಾನದ್ದು. ನಾನು ಹೇಳುತ್ತಿರುವುದು ಕಾಂಪೋಸಿಟ್, ಅಂದರೆ ಮೂರು ವಸ್ತುಗಳನ್ನು ಅಂಟಿಸಿ ಮಾಡಿದ ಬಿಲ್ಲು. ನಡುವೆ ತೆಳ್ಳಗಿನ ಮರ, ನಮ್ಮ ಕಡೆ ಮುಖ ಮಾಡಿರುವ ಹೊಟ್ಟೆಗೆ ಎಮ್ಮೆ ಕೊಂಬಿನ ಪಟ್ಟಿ, ಆಚೆಯ ಬೆನ್ನಿಗೆ ಪ್ರಾಣಿಯ ನರವನ್ನು ಎಳೆ ಎಳೆಯಾಗಿ ಬಿಡಿಸಿ ಅಂಟಿನಲ್ಲಿ ಅದ್ದಿದ ಪದರ. ಬಗ್ಗಿಸಿದಾಗ ಕೊಂಬು ಒತ್ತಡ ತಡೆಯುತ್ತದೆ, ನರ ಎಳೆತ ತಡೆಯುತ್ತದೆ. ಹಾಗಾಗಿ ಮರವಾದರೆ ಮುರಿದೇ ಹೋಗುವಷ್ಟು ಬಗ್ಗಿದರೂ ಇದು ತಾಳುತ್ತದೆ, ಗಿಡ್ಡ ಬಿಲ್ಲಿನಲ್ಲೇ ಉದ್ದಬಿಲ್ಲಿನ ಬಲ ಸಿಗುತ್ತದೆ. ಗಿಡ್ಡ ಯಾಕೆ ಬೇಕೆಂದರೆ, ಕುದುರೆಯ ಮೇಲೆ ಕುಳಿತು ಎಡಕ್ಕೂ ಬಲಕ್ಕೂ ಹಿಂದಕ್ಕೂ ಬಿಲ್ಲು ತಿರುಗಿಸುವಾಗ ಕೆಳಗಿನ ತುದಿ ಕುದುರೆಯ ಕುತ್ತಿಗೆಗೆ ತಾಗಬಾರದು.

ಅದರ ತಂತ್ರಕ್ಕೆ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವ ಯುದ್ಧ ಕ್ರಿ.ಪೂ. 53ರ ಕಾರ್ರೆ, ಈಗಿನ ತುರ್ಕಿಯ ಹರಾನ್ ಹತ್ತಿರದ ಬಟ್ಟಬಯಲು. ರೋಮನ್ ಸೇನಾಪತಿ ಕ್ರಾಸಸ್ ಲೀಜನ್ ಎಂಬ ಏಳು ದೊಡ್ಡ ಕಾಲಾಳು ದಳ‌ಗಳೊಂದಿಗೆ ಬಂದಿದ್ದ. ಎದುರು ಪ್ರಾಚೀನ ಇರಾನಿನ ಪಾರ್ಥಿಯ ಸಾಮ್ರಾಜ್ಯದ ಸೇನಾಪತಿ ಸುರೇನ, ಸುಮಾರು 10,000 ಕುದುರೆ. ಅದರಲ್ಲಿ ಸುಮಾರು 1,000 ಸವಾರರು ಮೈತುಂಬಾ ಕವಚ ತೊಟ್ಟ ಈಟಿಗಾರರು, ಉಳಿದವರೆಲ್ಲ ಬಿಲ್ಲುಗಾರರು. ಚುರುಕು ಇರುವುದು ಈ ಎರಡರ ಜೋಡಿಯಲ್ಲಿ. ರೋಮನ್ನರು ಬಾಣ ತಪ್ಪಿಸಿಕೊಳ್ಳಲು ಹರಡಿ ನಿಂತರೆ ಈಟಿಗಾರರು ನುಗ್ಗುತ್ತಾರೆ. ಈಟಿಗೆ ಹೆದರಿ ಒತ್ತೊತ್ತಾಗಿ ನಿಂತರೆ ಬಿಲ್ಲುಗಾರರಿಗೆ ಗುರಿ ಹುಡುಕುವ ಕಷ್ಟವೇ ಇಲ್ಲ.

ರೋಮನ್ನರು ಚೌಕಾಕಾರದಲ್ಲಿ ನಿಂತು, ಬತ್ತಳಿಕೆ ಖಾಲಿಯಾಗಲಿ ಅಂತ ಕಾದರು. ಒಳ್ಳೆಯ ಯೋಚನೆಯೇ. ಆದರೆ ಸುರೇನ ಬಾಣ ಹೊತ್ತ ಒಂಟೆಗಳನ್ನು ತಂದಿದ್ದ. ಸವಾರರು ಸುತ್ತು ಹಾಕಿ ಹೋಗಿ ಬತ್ತಳಿಕೆ ತುಂಬಿಸಿಕೊಂಡು ಬರುವುದನ್ನು ಕಂಡಾಗ ರೋಮನ್ನರ ಆಸೆ ಕಮರಿತು. ಕ್ರಾಸಸ್ ತನ್ನ ಮಗ ಪ್ಯೂಬ್ಲಿಯಸ್‌ನನ್ನು 1,300 ಕುದುರೆ, 500 ಬಿಲ್ಲುಗಾರರು, ಎಂಟು ತುಕಡಿ ಕಾಲಾಳುಗಳ ಜೊತೆ ಮುಂದೆ ಕಳಿಸಿದ. ಪಾರ್ಥಿಯನ್ನರು ಓಡಿಹೋಗುವಂತೆ ತೋರಿಸಿಕೊಂಡರು. ಅವನು ಬೆನ್ನಟ್ಟಿದ, ಮುಖ್ಯ ಸೈನ್ಯದಿಂದ ದೂರವಾದ ಮೇಲೆ ಅವರು ತಿರುಗಿ ಸುತ್ತುವರಿದರು. ಕೈ ಗುರಾಣಿಗೆ, ಕಾಲು ನೆಲಕ್ಕೆ ಬಾಣದಿಂದ ಮೊಳೆ ಹೊಡೆದಂತಾಗಿದೆ, ಹೇಗೆ ಹೋರಾಡಲಿ ಅಂತ ಸೈನಿಕರು ಅವನಿಗೆ ತೋರಿಸಿದರು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ಸ್ವಲ್ಪ ಹೊತ್ತಿಗೆ ಅವನ ತಲೆ ಈಟಿಯ ತುದಿಯಲ್ಲಿ ತಂದೆಯ ಕಣ್ಣ ಮುಂದೆ ಬಂತು. ಆ ಭಾಗ ಓದುವಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ.

ನಿಮ್ಮ ಎದುರುಬದುರು ಪ್ರಶ್ನೆಗೆ: ಕಾಲಾಳು ನೆಲದ ಮೇಲೆ ಸ್ಥಿರವಾಗಿ ನಿಂತು ಗುರಿಯಿಡುತ್ತಾನೆ, ಕುದುರೆ ಅವನಿಗೆ ದೊಡ್ಡ ಗುರಿ. ಪಕ್ಕ ಮುಚ್ಚಿಕೊಳ್ಳಲು ಕಾಡೋ ನದಿಯೋ ಸಿಕ್ಕರೆ ಸವಾರರು ದೂರವೇ ಉಳಿಯಬೇಕಾಗುತ್ತದೆ. 1191ರ ಅರ್ಸೂಫ್ ಯುದ್ಧದಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್ ಒಂದು ಪಕ್ಕ ಸಮುದ್ರ ಇಟ್ಟುಕೊಂಡು, ಅಡ್ಡಬಿಲ್ಲಿನ ಕಾಲಾಳುಗಳನ್ನು ಹೊರಗಿನ ಗೋಡೆಯಂತೆ ನಡೆಸಿದ್ದು ಇದಕ್ಕೇ. ಬಟ್ಟಬಯಲಲ್ಲಿ, ನೀರಿಲ್ಲದ ಕಡೆ, ಸಮಯ ಸವಾರನ ಪರ.

ಸಾಗರದ ಸದಸ್ಯರು: ನಾನು ಆನ್‌ಲೈನಲ್ಲಿ ಒಬ್ಬರಿಂದ ಕೊಂಬಿನ ಬಿಲ್ಲು ತರಿಸಿದ್ದೆ. ಜೂನ್‌ ತಿಂಗಳಲ್ಲಿ ಹೆದೆ ಏರಿಸಿ ಎಳೆದಾಗ ಟಕ್ ಅಂತ ಸದ್ದು ಬಂತು, ಈಗ ಒಂದು ಕಡೆ ತಿರುಚಿದ ಹಾಗೆ ಕಾಣುತ್ತೆ. ಕಳಿಸಿದವರು ನಿಮ್ಮದೇ ತಪ್ಪು ಅಂತಾರೆ.

ಉತ್ತರ: ಹೆದೆ ಇಳಿಸಿ, ಮತ್ತೆ ಏರಿಸಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಅಂಟು ತೇವ ಹೀರಿ ಮೆತ್ತಗಾಗುತ್ತದೆ, ಕೊಂಬು ಮರದಿಂದ ಬಿಡುತ್ತದೆ. ಬೆಳಕಿಗೆ ಹಿಡಿದು ಕೊಂಬಿನ ಅಂಚಿನುದ್ದಕ್ಕೂ ಉಗುರು ಎಳೆದು ನೋಡಿ, ಕೂದಲಷ್ಟು ಸೀಳು ತಾಗಿದರೂ ಅಲ್ಲಿ ಅಂಟು ಬಿಟ್ಟಿದೆ. ಹೆದೆಯೇರಿಸುವ ಮೊದಲು ಒಣಗಿದ ಬೆಚ್ಚನೆ ಜಾಗದಲ್ಲಿ ಇಡಬೇಕಿತ್ತು, ಆದರೆ ಅದನ್ನು ಕೊಡುವವರೇ ಹೇಳಬೇಕಿತ್ತು. ಈ ತೊಂದರೆ ಹಳೆಯದು. ನಮ್ಮ ದೇಶದಲ್ಲಿ ಉಕ್ಕಿನ ಬಿಲ್ಲುಗಳನ್ನು ಮಾಡಿದ್ದರ ಹಿಂದೆ ತೇವದ ಕಾರಣವೂ ಇತ್ತು. ಬಲದಲ್ಲಿ ಕೊಂಬಿನದಕ್ಕೆ ಸಮವಲ್ಲ, ಆದರೆ ಮಳೆಯಲ್ಲಿ ಬಿಚ್ಚಿಕೊಳ್ಳುವುದಿಲ್ಲ.

ಹೊಸಪೇಟೆಯ ಸದಸ್ಯರು (ಇತಿಹಾಸದ ಮೇಷ್ಟರು): ಒಂದು ನೆನಪಿಸಲೇ? ವಿಜಯನಗರದ ಎರಡನೇ ದೇವರಾಯ ತನ್ನ ಸಭೆಯಲ್ಲಿ ಬಹಮನಿಗಳು ಯಾಕೆ ಗೆಲ್ತಾರೆ ಅಂತ ಕೇಳಿದಾಗ, ಅವರ ಕುದುರೆ ಬಲ, ಅವರ ಬಿಲ್ಲುಗಾರರು ಅಂತ ಉತ್ತರ ಬಂತು ಅಂತ ಚರಿತ್ರೆಕಾರ ಫೆರಿಶ್ತಾ ಬರೆಯುತ್ತಾನೆ. ಆಮೇಲೆ ರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು, ತನ್ನವರಿಗೂ ಬಿಲ್ಲುವಿದ್ಯೆ ಕಲಿಸಿದ. ಹಂಪಿಯಲ್ಲಿ ರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಕಟ್ಟಿಸಿದ ಕಟ್ಟಡದ 1439ರ ಕನ್ನಡ ಶಾಸನ ಅದನ್ನು ಧರ್ಮಸಾಲೆ ಅಂತ ಕರೆಯುತ್ತೆ, ನಾವೆಲ್ಲ ಮಸೀದಿ ಅಂತೀವಿ.

ಉತ್ತರ: ಮೇಷ್ಟ್ರೇ, ಒಳ್ಳೆಯ ಸಾಕ್ಷಿ. ಒಂದು ತಕರಾರು ಮಾತ್ರ. ಫೆರಿಶ್ತಾ ದೇವರಾಯನ ಸೈನ್ಯ ಎಣಿಸುವಾಗ ಬಿಲ್ಲುಗಾರರನ್ನೂ ಕುದುರೆ ದಳವನ್ನೂ ಬೇರೆ ಬೇರೆ ಹೇಳುತ್ತಾನೆ. ಹಾಗಾದರೆ ರಾಯ ತಂದದ್ದು ಕುದುರೆ ಮೇಲಿನ ಬಿಲ್ಲುಗಾರಿಕೆಯನ್ನೋ, ಬರೀ ಬಿಲ್ಲನ್ನೋ?

ಹೊಸಪೇಟೆಯ ಸದಸ್ಯರು: ನಾನು ಕುದುರೆ ಮೇಲಿನದು ಅಂತಲೇ ನಂಬಿದ್ದೇನೆ. ಗೆಲುವಿನ ಗುಟ್ಟು ಕುದುರೆ ಮತ್ತು ಬಿಲ್ಲು ಅಂತ ಒಂದೇ ಉಸಿರಲ್ಲಿ ಹೇಳಿದವರು, ಎರಡನ್ನೂ ಕೂಡಿಸದೆ ಬಿಟ್ಟಿರಲಾರರು. ಆದರೆ ನೂರೈವತ್ತು ವರ್ಷಕ್ಕೂ ಹೆಚ್ಚು ಆದಮೇಲೆ, ಬಿಜಾಪುರದ ಆಸ್ಥಾನದಲ್ಲಿ ಕೂತು ಬರೆದವನ ಮಾತು ಅದು, ಅದನ್ನೂ ನೆನಪಲ್ಲಿಡಬೇಕು.

ದಾವಣಗೆರೆಯ ಸದಸ್ಯರು: ಒಂದು ಬಿಲ್ಲಿನ ಬಗ್ಗೆ ಕೇಳಿದ್ದೆ, ಒಂಟೆ, ಗೂಟ, ಕೆಸರು ಎಲ್ಲ ಸಿಕ್ತು. ಮುಂದಿನ ತಿಂಗಳು ಹಂಪಿಗೆ ಹೋಗ್ತಿದ್ದೀನಿ. ಮಹಾನವಮಿ ದಿಬ್ಬದ ಪಕ್ಕೆಯಲ್ಲಿ ಕುದುರೆಗಳನ್ನು ಕೆತ್ತಿದ್ದಾರಲ್ಲ, ಅಲ್ಲಿ ಸವಾರನ ಕೈಯಲ್ಲಿ ಬಿಲ್ಲಿದೆಯಾ ಅಂತ ನೋಡಿ ಫೋಟೋ ಹಾಕ್ತೀನಿ.