ಸಹಾಯ ಬೇಕು: ಪ್ಲಿಂತ್ ತುಂಬಲು ಎಷ್ಟು ಟಿಪ್ಪರ್ ಗರಸು ಹೇಳಲಿ?

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಪಾಯದ ಗೋಡೆಗಳ ಒಳಗಿನ ಜಾಗ 900 ಚದರ ಅಡಿ, ಎರಡು ಅಡಿ ಎತ್ತರ ಗರಸು ತುಂಬಬೇಕು. ಅಂದರೆ 1800 ಘನ ಅಡಿ. ಟಿಪ್ಪರ್ ಡಬ್ಬಿಯನ್ನು ಟೇಪ್ ಹಿಡಿದು ಅಳೆದೆ, 200 ಘನ ಅಡಿ ಬಂತು. ಒಂಬತ್ತು ಲೋಡ್ ಸಾಕು ಎನ್ನುತ್ತಾರೆ ಮೇಸ್ತ್ರಿ.

ಆದರೆ ಟಿಪ್ಪರಿನಲ್ಲಿ ಬರುವುದು ಸಡಿಲ ಗರಸು, ನಮಗೆ ಬೇಕಿರುವುದು ಗಟ್ಟಿಯಾದ ಮೇಲಿನ ಅಳತೆ. ಮೊದಲ ಲೋಡಿನಿಂದ ಒಂದು ಮೂಲೆಯಲ್ಲಿ ಎಂಟು ಇಂಚು ಹರಡಿಸಿ, ನೀರು ಚಿಮುಕಿಸಿ ದಮ್ಮಸು ಮಾಡಿಸಿದಾಗ ಆರು ಇಂಚಿಗೆ ಇಳಿಯಿತು. ಈ ಲೆಕ್ಕದಲ್ಲಿ 2400 ಘನ ಅಡಿ, ಹನ್ನೆರಡು ಲೋಡ್ ಬೇಕು. ಒಂಬತ್ತೇ ಹಾಕಿದರೆ ಆರು ಇಂಚು ಕಡಿಮೆ ಬೀಳುತ್ತದೆ. ದಮ್ಮಸನ್ನೇ ಸರಿಯಾಗಿ ಮಾಡದೆ ಬಿಟ್ಟರೆ ಮುಂದೆ ನೆಲ ಕುಸಿಯುತ್ತದೆ.

ನಮ್ಮ ಕಡೆಯ ಗರಸು ನಿಮ್ಮಲ್ಲಿ ಎಷ್ಟು ಇಳಿಯಿತು? ಹಣವನ್ನು ಲೋಡ್ ಲೆಕ್ಕದಲ್ಲಿ ಕೊಟ್ಟಿರೋ, ದಮ್ಮಸಾದ ಮೇಲೆ ಅಳೆದು ಕೊಟ್ಟಿರೋ? ದಯವಿಟ್ಟು ತಿಳಿಸಿ.