ಸಹಾಯ ಬೇಕು: ದಾದರ್ ಸೇತುವೆಯಲ್ಲಿ ಸಿಕ್ಕಿಬಿದ್ದ ಸೂರ್ಯನ ಬೆಳಕು

ಡೊಂಬಿವಲಿಯ ನಮ್ಮ ಕನ್ನಡ ಬಳಗದ ಕೈಬರಹ ಪತ್ರಿಕೆಗೆ ಒಂದು ಪ್ಯಾರಾ ತಿದ್ದುತ್ತಿದ್ದೇನೆ. "ಸೌರಗರ್ಭದ ಫೋಟಾನುಗಳು ಯಾದೃಚ್ಛಿಕ ಚದುರುವಿಕೆಗೆ ಒಳಗಾಗಿ..." ಅಂತ ಶುರುವಾಗುತ್ತದೆ. ಒಂಬತ್ತನೇ ಕ್ಲಾಸಿನ ಅಕ್ಕನ ಮಗಳು ಓದಿ ಆಕಳಿಸಿದಳು.

ನಾನು ಬರೆದದ್ದು: "ಸಂಜೆ ಆರಕ್ಕೆ ದಾದರ್ ಸೇತುವೆ. ಹೆಜ್ಜೆಗೊಂದು ಡಿಕ್ಕಿ, ಪ್ರತಿ ಡಿಕ್ಕಿಗೂ ದಿಕ್ಕು ಬದಲು. ಸೂರ್ಯನೊಳಗೆ ಬೆಳಕಿನ ಪಾಡೂ ಇದೇ. ಹೊರಬರಲು ಸಾವಿರಾರು ವರ್ಷ. ಆಮೇಲೆ ಖಾಲಿ ರಸ್ತೆ, ಭೂಮಿಗೆ ಎಂಟೇ ನಿಮಿಷ."

ನಕ್ಕಳು. ಆಮೇಲೆ ಕೇಳಿದಳು, "ಹೊರಗೆ ಬರೋದು ಅದೇ ಬೆಳಕಾ ಮಾಮಾ?"

ಅಲ್ಲ, ಅಲ್ವಾ! ದಾರಿಯಲ್ಲಿ ಅನಿಲ ಅದನ್ನು ಹೀರಿ ಮತ್ತೆ ಹೊರಬಿಡುತ್ತಾ, ಒಂದು ಗಾಮಾ ಫೋಟಾನಿನ, ಅಂದರೆ ಭಾರೀ ಶಕ್ತಿಯ ಬೆಳಕಿನ ಕಣದ, ಶಕ್ತಿ ಲಕ್ಷಾಂತರ ಸಣ್ಣ ಫೋಟಾನುಗಳಾಗಿ ಹಂಚಿಹೋಗುತ್ತದೆ. ಐನೂರರ ನೋಟು ಚಿಲ್ಲರೆಯಾದ ಹಾಗೆ. ಆದರೆ ಸೇತುವೆಯ ಜನ ಚಿಲ್ಲರೆಯಾಗುವುದಿಲ್ಲವಲ್ಲ! ಎರಡನ್ನೂ ಒಂದೇ ಹೋಲಿಕೆಯಲ್ಲಿ ಕೂರಿಸುವುದು ಹೇಗೆ? ಯಾರಿಗಾದರೂ ಹೊಳೆದರೆ ಹೇಳಿ.