ಒಳಮುಖ–ಹೊರಮುಖ ವೃತ್ತದ ಸೆಟ್: ಎರಡು ಚಿತ್ರ ಬಂದರೆ ಏನು ಮಾಡ್ತೀರಿ?

ಕೇಳಿದ್ದು: ಪರೀಕ್ಷೆಯ ತರ್ಕ ವಿಭಾಗದ ಸೆಟ್, ಯಾರು ಎಲ್ಲಿ ಕೂತಿದ್ದಾರೆ ಅಂತ ಕಂಡುಹಿಡಿಯಬೇಕು. ವೃತ್ತದಲ್ಲಿ ಆರು ಜನ, ಮೂವರು ಒಳಮುಖ, ಮೂವರು ಹೊರಮುಖ. ಎ ಒಳಮುಖ. ಎಯ ಎಡಕ್ಕೆ ಎರಡನೆಯವರು ಬಿ. ಬಿಯ ಬಲಪಕ್ಕದಲ್ಲೇ ಸಿ, ಆದರೆ ಸಿ ಎ ಪಕ್ಕದಲ್ಲಿಲ್ಲ. ಸಿಯ ಎಡಕ್ಕೆ ಎರಡನೆಯವರು ಡಿ. ಡಿಯ ಎಡಪಕ್ಕದಲ್ಲೇ ಇ. ಎಫ್‌ನ ಎಡಕ್ಕೆ ಎರಡನೆಯವರು ಡಿ. ನನಗೆ ಎರಡು ಚಿತ್ರ ಬರ್ತಿವೆ, ಯಾವುದು ಸರಿ?

ಬಸವರಾಜ: ಮೊದಲು ಯಾರ ಮುಖ ಯಾವ ಕಡೆ ಅಂತ ಎಲ್ಲರಿಗೂ ಬಾಣ ಹಾಕಿ, ಆಮೇಲೆ ಕೂರಿಸಿ. ಎ ಗೊತ್ತಿದೆ, ಉಳಿದ ಐವರಲ್ಲಿ ಇಬ್ಬರು ಒಳಮುಖ. ನಾನು ಯಾವಾಗಲೂ ಹೀಗೇ ಮಾಡೋದು.

ಶ್ವೇತಾ: ಐವರಲ್ಲಿ ಇಬ್ಬರು ಅಂದರೆ 10 ಜೋಡಿ ಸರ್! ಹತ್ತು ಚಿತ್ರ ಬರೆಯೋಕೆ ಯಾರ ಹತ್ತಿರ ಸಮಯ ಇದೆ? ಸುಳಿವೇ ಬಾಣ ಹಾಕಿಸುತ್ತೆ. ಗಡಿಯಾರದ ದಿಕ್ಕಿನಲ್ಲಿ 1ರಿಂದ 6 ಬರೆದು ಎಯನ್ನು 1ರಲ್ಲಿ ಕೂರಿಸಿ. ಒಳಮುಖದವರ ಎಡ ಗಡಿಯಾರದ ದಿಕ್ಕು, ಹಾಗಾಗಿ ಬಿ 3. ಬಿ ಒಳಮುಖವಾದರೆ ಸಿ 2ಕ್ಕೆ ಬಂದು ಎಗೆ ಅಂಟಿಕೊಳ್ಳುತ್ತಾರೆ. ಅದು ಆಗದು. ಆದ್ದರಿಂದ ಬಿ ಹೊರಮುಖ, ಸಿ 4.

ಎರಡು ಚಿತ್ರ ಹುಟ್ಟೋದು ಇಲ್ಲಿಂದ. ಸಿ ಒಳಮುಖವಾದರೆ ಡಿ 6, ಹೊರಮುಖವಾದರೆ ಡಿ 2.

ನಾಗೇಶ್: ಸಿ ಹೊರಮುಖ, ಡಿ 2 ಇಟ್ಟರೂ ನಡೆಯುತ್ತೆ. ಪ್ರಶ್ನೆಯೇ ಅಪೂರ್ಣ.

ಶ್ವೇತಾ: ನಡೆಯಲ್ಲ. ಡಿ 2ರಲ್ಲಿದ್ದರೆ ಎರಡೂ ಪಕ್ಕ, 1ರಲ್ಲಿ ಎ, 3ರಲ್ಲಿ ಬಿ. ಮುಖ ಯಾವ ಕಡೆ ತಿರುಗಿಸಿದರೂ ಇಗೆ ಜಾಗವಿಲ್ಲ. ಆ ಚಿತ್ರಕ್ಕೆ ಅಡ್ಡಗೆರೆ ಎಳೆಯಿರಿ. ಸಿ ಒಳಮುಖ, ಡಿ 6. ಡಿಯ ಎಡಪಕ್ಕ 1 ಆಗುವಂತಿಲ್ಲ, ಅಲ್ಲಿ ಎ ಇದ್ದಾರೆ. ಹಾಗಾಗಿ ಇ 5, ಡಿ ಹೊರಮುಖ. ಎಫ್‌ಗೆ ಉಳಿದದ್ದು 2. ಅವರ ಎಡಕ್ಕೆ ಎರಡನೆಯ ಜಾಗ 6 ಆಗಬೇಕಾದರೆ ಎಫ್ ಹೊರಮುಖ. ಹೊರಮುಖದ ಮೂವರೂ ಸಿಕ್ಕರು, ಇ ಒಳಮುಖ.

ನಾಗೇಶ್: ಆದರೆ "ಬಿಯ ಬಲಕ್ಕೆ ಸಿ" ಅಂದರೆ ಸಿ ಯಾವ ಕಡೆ ನೋಡ್ತಾರೆ ಅಂತ ನೋಡಬೇಕಲ್ವಾ?

ಶ್ವೇತಾ: ಇಲ್ಲ! "ಬಿಯ" ಅಂತ ಇದೆ, ಬಿಯ ಬೆನ್ನ ಹಿಂದೆ ನಿಂತು ಬಲ ನೋಡಿ. ಸಿಯ ಮುಖಕ್ಕೆ ಅಲ್ಲಿ ಕೆಲಸವೇ ಇಲ್ಲ.

ಮಂಗಳಾ: ನನ್ನದು ಎಂಟು ಜನರ ಸೆಟ್. "ಡಿಯ ಅಕ್ಕಪಕ್ಕದವರು ಒಂದೇ ದಿಕ್ಕಿಗೆ ಮುಖ ಮಾಡಿದ್ದಾರೆ" ಅಂತಿತ್ತು. ಡಿಗೂ ಅದೇ ಬಾಣ ಹಾಕಿದೆ, ಐದು ಪ್ರಶ್ನೆಯೂ ಹೋದವು. ಕಾಲು ಅಂಕ ಕಡಿತದಲ್ಲಿ ಇನ್ನೂ 1.25 ಹೋಯ್ತು. ಆ ಮಾತು ಪಕ್ಕದ ಇಬ್ಬರ ಬಗ್ಗೆ ಮಾತ್ರ, ಡಿ ಬಗ್ಗೆ ಏನೂ ಹೇಳಿಲ್ಲ.

ಬಸವರಾಜ: ಅದಕ್ಕೇ ಹೇಳಿದ್ದು, ಮೊದಲು ಬಾಣ.

ಶ್ವೇತಾ: ಅವರು ತಪ್ಪಿದ್ದೇ ಗೊತ್ತಿಲ್ಲದ ಬಾಣ ಹಾಕಿ, ಬಸವರಾಜ ಅವರೇ. ಗೊತ್ತಾಗುವ ತನಕ ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲಿ.

ಬಸವರಾಜ: ಎಂಟು ಜನರಲ್ಲಿ ಐದು ಪ್ರಶ್ನಾರ್ಥಕ ಇದ್ದರೆ ಆಗ ಬನ್ನಿ, ಮಾತಾಡೋಣ.